ಮೂರು ಊರಿನ ಗಡಿಯಾರ, ಒಂದೇ ಕಾಲಂ

ಬೆಂಗಳೂರಿನಲ್ಲಿ ಕೂತು ಹೊರದೇಶದ ಗ್ರಾಹಕರ ದೂರು ನೋಡಿಕೊಳ್ಳುವ ಕಂಪನಿಗಳಲ್ಲಿ ತಿಂಗಳ ಕೊನೆಗೆ ಒಂದು ವರದಿ ತಯಾರಾಗುತ್ತದೆ. ಲಂಡನ್ ಕಚೇರಿಯಿಂದ ಒಂದು ಫೈಲು, ನ್ಯೂಯಾರ್ಕಿನಿಂದ ಒಂದು, ಬೆಂಗಳೂರಿನದೇ ಇನ್ನೊಂದು. ಮೂರನ್ನೂ ಒಂದರ ಕೆಳಗೊಂದು ಅಂಟಿಸಿ ಸಮಯದ ಕಾಲಂ ಹಿಡಿದು ವಿಂಗಡಿಸಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಅಂಥದೊಂದು ಶೀಟಿನಲ್ಲಿ 2024ರ ಅಕ್ಟೋಬರ್ 29ರಂದು ಬಂದ ಒಂದೇ ಟಿಕೆಟ್ಟಿಗೆ ಸೇರಿದ ನಾಲ್ಕು ಸಾಲು ಹೀಗಿವೆ ಎಂದಿಟ್ಟುಕೊಳ್ಳಿ:

```
29-10-2024 11:25   ನ್ಯೂಯಾರ್ಕ್    ಬೆಂಗಳೂರಿಗೆ ರವಾನೆ
29-10-2024 12:05   ನ್ಯೂಯಾರ್ಕ್    ಟಿಕೆಟ್ ಮುಕ್ತಾಯ
29-10-2024 15:10   ಲಂಡನ್        ದೂರು ದಾಖಲು
29-10-2024 21:20   ಬೆಂಗಳೂರು     ದೋಷ ಸರಿಪಡಿಸಿದ್ದು
```

ಗ್ರಾಹಕ ದೂರು ಕೊಡುವ ಮೂರು ಗಂಟೆ ಮೊದಲೇ ಟಿಕೆಟ್ ಮುಗಿದುಹೋಗಿದೆ! ಇದು ಕಣ್ಣಿಗೆ ಹೊಡೆಯುವ ತಪ್ಪು, ಯಾರಾದರೂ ಹಿಡಿಯುತ್ತಾರೆ. ಕಣ್ಣಿಗೆ ಕಾಣದ ತಪ್ಪು ಇನ್ನೊಂದಿದೆ. ದೂರು ಬಂದ 15:10ರಿಂದ ದೋಷ ಸರಿಹೋದ 21:20ರವರೆಗೆ ಎಣಿಸಿದರೆ ಆರು ಗಂಟೆ ಹತ್ತು ನಿಮಿಷ. ನಾಲ್ಕು ಗಂಟೆಯೊಳಗೆ ಪರಿಹಾರ ಕೊಡುತ್ತೇವೆಂದು ಗ್ರಾಹಕನಿಗೆ ಮಾತು ಕೊಟ್ಟಿದ್ದರೆ, ಬೆಂಗಳೂರಿನ ತಂಡ ಗಡುವು ಮೀರಿದೆ ಎಂದು ವರದಿ ಹೇಳುತ್ತದೆ. ನಿಜದಲ್ಲಿ ಆ ತಂಡ ಕೆಲಸ ಮುಗಿಸಿದ್ದು ದೂರು ಬಂದ ನಲವತ್ತೇ ನಿಮಿಷಕ್ಕೆ.

ಲೆಕ್ಕ ಹಾಕಿ ನೋಡಬಹುದು. ಆ ದಿನ ಲಂಡನ್ನಿನ ಗಡಿಯಾರ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗೆ ಸರಿಸಮ ಇತ್ತು. ನ್ಯೂಯಾರ್ಕ್ ಅದಕ್ಕಿಂತ ನಾಲ್ಕು ಗಂಟೆ ಹಿಂದೆ, ಭಾರತ ಐದೂವರೆ ಗಂಟೆ ಮುಂದೆ. ನಾಲ್ಕೂ ಸಾಲುಗಳನ್ನು ಮೊದಲು ಯುಟಿಸಿಗೆ ತಂದು, ಅಲ್ಲಿಂದ ಭಾರತದ ಸಮಯಕ್ಕೆ ತಿರುಗಿಸಿದರೆ ದೂರು ದಾಖಲಾದದ್ದು ರಾತ್ರಿ 8:40ಕ್ಕೆ, ನ್ಯೂಯಾರ್ಕ್ ಅದನ್ನು ಬೆಂಗಳೂರಿಗೆ ಕಳಿಸಿದ್ದು 8:55ಕ್ಕೆ, ಬೆಂಗಳೂರು ಸರಿಪಡಿಸಿದ್ದು 9:20ಕ್ಕೆ, ಟಿಕೆಟ್ ಮುಗಿಸಿದ್ದು 9:35ಕ್ಕೆ. ಕತೆ ಈಗ ನೇರವಾಯಿತು.

ಈ ಕೆಲಸದಲ್ಲಿ ಎರಡು ಹೆಜ್ಜೆಗಳಿವೆ. ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಅವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ. ಮೊದಲ ಹೆಜ್ಜೆ, ಬರೀ 11:25 ಎಂದಿರುವ ಅಂಕಿಗೆ ‘ಇದು ನ್ಯೂಯಾರ್ಕಿನ ಗಡಿಯಾರ ತೋರಿಸಿದ ಸಮಯ’ ಎಂಬ ಚೀಟಿ ಅಂಟಿಸುವುದು. ಇಲ್ಲಿ ಅಂಕಿ ಬದಲಾಗುವುದಿಲ್ಲ. ಅದು ಯಾವ ಕ್ಷಣವನ್ನು ಸೂಚಿಸುತ್ತದೆ ಎಂಬುದು ನಿಗದಿಯಾಗುತ್ತದೆ, ಅಷ್ಟೇ. ಎರಡನೆಯ ಹೆಜ್ಜೆ, ಆ ಕ್ಷಣದಲ್ಲಿ ಬೆಂಗಳೂರಿನ ಗಡಿಯಾರ ಎಷ್ಟು ತೋರಿಸುತ್ತಿತ್ತು ಎಂದು ಕೇಳುವುದು. ಇಲ್ಲಿ ಅಂಕಿ ಬದಲಾಗುತ್ತದೆ, ಕ್ಷಣ ಹಾಗೇ ಉಳಿಯುತ್ತದೆ. ಆತುರದಲ್ಲಿರುವವರು ಮೊದಲ ಹೆಜ್ಜೆಯಲ್ಲೇ ಇಡೀ ಕಾಲಂಗೆ ‘ಭಾರತದ ಸಮಯ’ ಎಂಬ ಚೀಟಿ ಅಂಟಿಸಿಬಿಡುತ್ತಾರೆ. ಕಾಲಂ ಒಂದೇ ವಲಯದ್ದಾದಂತೆ ಕಾಣುತ್ತದೆ, ಕಂಪ್ಯೂಟರ್ ಚಕಾರ ಎತ್ತುವುದಿಲ್ಲ, ಆದರೆ ನ್ಯೂಯಾರ್ಕಿನ ಪ್ರತಿಯೊಂದು ಸಾಲೂ ಒಂಬತ್ತೂವರೆ ಗಂಟೆ ತಪ್ಪಿರುತ್ತದೆ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುವವರಿಗೆ ಈ ಎರಡು ಹೆಜ್ಜೆಗಳು ಒಂದೇ ಸಾಲಿನಲ್ಲಿ ಕಾಣಸಿಗುತ್ತವೆ:

```sql
SELECT local_time AT TIME ZONE zone
                  AT TIME ZONE 'Asia/Kolkata'
FROM tickets;
```

ಒಂದೇ ಮಾತು ಎರಡು ಸಲ ಬಂದಿದೆ, ಆದರೆ ಮಾಡುವ ಕೆಲಸ ಬೇರೆ ಬೇರೆ. ವಲಯವಿಲ್ಲದ ಸಮಯದ ಮುಂದೆ ಬಂದಾಗ ಅದು ಚೀಟಿ ಅಂಟಿಸುತ್ತದೆ. ವಲಯ ಗೊತ್ತಿರುವ ಸಮಯದ ಮುಂದೆ ಬಂದಾಗ ಪರಿವರ್ತಿಸುತ್ತದೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ಬರೆದರೂ ಉತ್ತರ ಬರುತ್ತದೆ. ತಪ್ಪು ಉತ್ತರ, ಅಷ್ಟೇ.

ಇನ್ನು, ನ್ಯೂಯಾರ್ಕಿಗೂ ಯುಟಿಸಿಗೂ ನಾಲ್ಕು ಗಂಟೆ ಅಂತರ ಎಂದು ಮೇಲೆ ಹೇಳಿದ್ದು ಯಾಕೆ? ಐದು ಅಲ್ಲವೇ ಎಂದು ಅಮೆರಿಕದಲ್ಲಿ ಮಕ್ಕಳಿರುವ ಮೈಸೂರಿನ ಅಜ್ಜ-ಅಜ್ಜಿಯೂ ಕೇಳಬಹುದು. ಭಾರತಕ್ಕೂ ನ್ಯೂಯಾರ್ಕಿಗೂ ಇರುವ ಅಂತರ ಕೆಲವು ತಿಂಗಳು ಒಂಬತ್ತೂವರೆ ಗಂಟೆ, ಉಳಿದ ತಿಂಗಳು ಹತ್ತೂವರೆ ಎಂಬುದು ಅವರಿಗೆ ಫೋನ್ ಕರೆಗಳಿಂದಲೇ ಗೊತ್ತು. ಬೇಸಿಗೆಯಲ್ಲಿ ಹಗಲಿನ ಬೆಳಕು ಹೆಚ್ಚು ಸಿಗಲಿ ಎಂದು ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅಮೆರಿಕದಲ್ಲಿ ಇದು ಮಾರ್ಚ್ ತಿಂಗಳ ಎರಡನೆಯ ಭಾನುವಾರ ಶುರುವಾಗಿ ನವೆಂಬರ್ ಮೊದಲ ಭಾನುವಾರ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ. 2024ರಲ್ಲಿ ಲಂಡನ್ ಅಕ್ಟೋಬರ್ 27ಕ್ಕೆ ಗಡಿಯಾರ ಹಿಂದಿಟ್ಟಿತು, ನ್ಯೂಯಾರ್ಕ್ ಇಟ್ಟಿದ್ದು ನವೆಂಬರ್ 3ಕ್ಕೆ. ನಡುವಿನ ಆ ಒಂದು ವಾರ ಎರಡೂ ಊರುಗಳ ಅಂತರ ಎಂದಿನ ಐದು ಗಂಟೆಯ ಬದಲು ನಾಲ್ಕು ಗಂಟೆ. ನಮ್ಮ ಟಿಕೆಟ್ ಬಿದ್ದಿರುವುದು ಸರಿಯಾಗಿ ಆ ವಾರದಲ್ಲೇ.

ಅಂದರೆ ‘ನ್ಯೂಯಾರ್ಕ್ ಎಂದರೆ ಐದು ಗಂಟೆ ಹಿಂದೆ’ ಎಂದು ಸೂತ್ರದಲ್ಲಿ ಗಟ್ಟಿಯಾಗಿ ಬರೆದಿಟ್ಟವರ ವರದಿಯಲ್ಲಿ ರವಾನೆಯ ಸಮಯ ರಾತ್ರಿ 8:55ರ ಬದಲು 9:55 ಆಗುತ್ತದೆ. ಬೆಂಗಳೂರು 9:20ಕ್ಕೇ ಸರಿಪಡಿಸಿದ ದೋಷ ಅದರ ಕೈಗೆ ಬಂದದ್ದು 9:55ಕ್ಕೆ ಎಂದಾಯಿತು. ಎಕ್ಸೆಲ್‌ನಲ್ಲಿ ಈ ಅಪಾಯ ಜಾಸ್ತಿ. ಎಕ್ಸೆಲ್‌ನ ಸಮಯಕ್ಕೆ ವಲಯವೆಂಬುದೇ ಇಲ್ಲ. `=A2+TIME(9,30,0)` ಎಂದು ಕೂಡಿಸಿ ಕೆಳಗಿನವರೆಗೆ ಎಳೆದರೆ ವರ್ಷವಿಡೀ ಒಂಬತ್ತೂವರೆ ಗಂಟೆಯೇ ಕೂಡುತ್ತಾ ಹೋಗುತ್ತದೆ.

ಆದ್ದರಿಂದ ಬೇಕಾದದ್ದು ಅಂತರವಲ್ಲ, ಊರಿನ ಹೆಸರು. `America/New_York`, `Europe/London`, `Asia/Kolkata` ಎಂಬ ಈ ಹೆಸರುಗಳು ಬರುವುದು ಜಗತ್ತಿನ ಬಹುಪಾಲು ಕಂಪ್ಯೂಟರ್ ಮತ್ತು ಫೋನುಗಳೊಳಗಿರುವ ಒಂದು ದೊಡ್ಡ ಪಟ್ಟಿಯಿಂದ. ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರುಮಾಡಿದ ಈ ಪಟ್ಟಿಯನ್ನು ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಿದ್ದಾರೆ. ಯಾವ ಊರಿನಲ್ಲಿ ಯಾವ ದಿನ ಗಡಿಯಾರ ಎಷ್ಟು ಸರಿಯಿತು ಎಂಬ ಇತಿಹಾಸವೆಲ್ಲ ಅದರಲ್ಲಿದೆ. ಭಾರತಕ್ಕೆ ಇದರ ಗೊಡವೆ ಇಲ್ಲ ಎನ್ನುವಂತೆಯೂ ಇಲ್ಲ: ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ನಮ್ಮ ಗಡಿಯಾರವೂ ಒಂದು ಗಂಟೆ ಮುಂದಿತ್ತು. ಆ ವರ್ಷಗಳ ದಾಖಲೆಯನ್ನು ಐದೂವರೆ ಗಂಟೆಯ ಲೆಕ್ಕದಲ್ಲಿ ತಿರುಗಿಸಿದರೆ ಒಂದು ಗಂಟೆ ಎಡವಟ್ಟಾಗುತ್ತದೆ. ಜಾತಕ ಬರೆಯುವವರಿಗೆ ಇದು ಹಳೆಯ ಸುದ್ದಿ.

ಫೈಲಿನಲ್ಲಿ ಊರಿನ ಹೆಸರಿನ ಬದಲು ಮೂರಕ್ಷರದ ಸಂಕ್ಷೇಪ ಇದ್ದರೆ ನಂಬುವಂತಿಲ್ಲ. `IST` ಎಂದು ಭಾರತದವರೂ ಬರೆಯುತ್ತಾರೆ, ಇಸ್ರೇಲಿನವರೂ ಬರೆಯುತ್ತಾರೆ, ಬೇಸಿಗೆಯಲ್ಲಿ ಐರ್ಲೆಂಡಿನವರೂ ಬರೆಯುತ್ತಾರೆ. `CST` ಷಿಕಾಗೋದ್ದೂ ಆಗಬಹುದು, ಷಾಂಘೈನದ್ದೂ ಆಗಬಹುದು. ಫೈಲು ಕಳಿಸಿದವರನ್ನು ಕೇಳುವುದೇ ದಾರಿ.

ಹೆಸರುಗಳು ಕೈಗೆ ಸಿಕ್ಕ ಮೇಲೆ ಕೆಲಸ ಚಿಕ್ಕದು. ಡೇಟಾ ಕೆಲಸದವರು ಪೈಥಾನ್ ಭಾಷೆಯ ಪಾಂಡಾಸ್ ಎಂಬ ಸಾಧನವನ್ನು ಹೆಚ್ಚು ಬಳಸುತ್ತಾರೆ. ಅದರಲ್ಲಿ ಸಮಯದ ಒಂದು ಕಾಲಂಗೆ ಒಂದೇ ವಲಯ ಇರಬಹುದು ಎಂಬ ಕಟ್ಟುಪಾಡಿದೆ. ಒಂದು ಸಾಲು ಲಂಡನ್ನಿನದು, ಮುಂದಿನದು ನ್ಯೂಯಾರ್ಕಿನದು ಎಂದು ಬೆರಸಿದರೆ ಅದು ನಿಜವಾದ ಸಮಯದ ಕಾಲಂ ಆಗಿ ಉಳಿಯುವುದೇ ಇಲ್ಲ. ಗಂಟೆ ತೆಗೆಯುವ, ದಿನ ತೆಗೆಯುವ ಸೌಲಭ್ಯಗಳೆಲ್ಲ ಕೈಕೊಡುತ್ತವೆ. ಹಾಗಾಗಿ ಸಾಲುಗಳನ್ನು ವಲಯದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿಗೂ ಅದರದೇ ಚೀಟಿ ಅಂಟಿಸಿ, ಎಲ್ಲವನ್ನೂ ಒಂದೇ ವಲಯಕ್ಕೆ ತಂದ ಮೇಲೆ ಮತ್ತೆ ಸೇರಿಸಬೇಕು:

```python
parts = []
for zone, rows in df.groupby('zone'):
    t = pd.to_datetime(rows['local_time'],
                       format='%d-%m-%Y %H:%M')
    t = t.dt.tz_localize(zone, ambiguous='NaT',
                         nonexistent='NaT')
    parts.append(t.dt.tz_convert('Asia/Kolkata'))
df['ist'] = pd.concat(parts)
```

ಇಲ್ಲಿ `tz_localize` ಎಂಬುದು ಚೀಟಿ ಅಂಟಿಸುವ ಹೆಜ್ಜೆ, `tz_convert` ಪರಿವರ್ತನೆಯ ಹೆಜ್ಜೆ. ಗುಂಪು ಮಾಡಿದಾಗ ಸಾಲುಗಳು ಚದುರಿದರೂ ಕೊನೆಯಲ್ಲಿ ಸಾಲಿನ ಕ್ರಮಸಂಖ್ಯೆ ನೋಡಿ ಅವು ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಮೂರು ಫೈಲುಗಳನ್ನು ಅಂಟಿಸುವಾಗ ಕ್ರಮಸಂಖ್ಯೆ ಮತ್ತೆ ಮತ್ತೆ ಸೊನ್ನೆಯಿಂದ ಶುರುವಾಗಿದ್ದರೆ ಮಾತ್ರ ಗೊಂದಲ. ಮೊದಲೇ ಅದನ್ನು ಹೊಸದಾಗಿ ಎಣಿಸಿಕೊಳ್ಳಬೇಕು. ದಿನಾಂಕದ ನಮೂನೆಯನ್ನು ಬಿಡಿಸಿ ಬರೆದಿರುವುದಕ್ಕೂ ಕಾರಣವಿದೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅವರ 03/11/2024 ಮಾರ್ಚ್ 11, ನಮ್ಮ ಓದಿನಲ್ಲಿ ನವೆಂಬರ್ 3.

ಕೆಲವು ಸಾಫ್ಟ್‌ವೇರುಗಳು ಸಮಯದ ಜೊತೆಗೇ ಅಂತರವನ್ನೂ `2024-10-29T11:25:00-04:00` ಎಂದು ಬರೆದುಕೊಡುತ್ತವೆ. ಆ ಕ್ಷಣದ ಅಂತರ ಅಲ್ಲೇ ಇರುವುದರಿಂದ ಗುಂಪು ಮಾಡುವ ತಾಪತ್ರಯವಿಲ್ಲ:

```python
df['ist'] = (pd.to_datetime(df['stamp'], utc=True,
                            format='ISO8601')
               .dt.tz_convert('Asia/Kolkata'))
```

ಆದರೆ ಈ ಸುಲಭದ ದಾರಿಯಲ್ಲಿ ಒಂದು ಹಳ್ಳ ಇದೆ. ಸಾವಿರ ಸಾಲುಗಳ ನಡುವೆ ಒಂದಿಷ್ಟು ಸಾಲುಗಳಲ್ಲಿ ಆ ಕೊನೆಯ `-04:00` ಬಿಟ್ಟುಹೋಗಿದ್ದರೆ, `utc=True` ಎಂಬ ಸೂಚನೆ ಅವನ್ನು ಸದ್ದಿಲ್ಲದೆ ಯುಟಿಸಿ ಎಂದೇ ಓದಿಬಿಡುತ್ತದೆ. ಮೊದಲು ಅಂಥ ಸಾಲು ಎಷ್ಟಿವೆ ಎಂದು ಎಣಿಸಿ, ಆಮೇಲೆ ಈ ದಾರಿ ಹಿಡಿಯುವುದು ಕ್ಷೇಮ.

ಎಷ್ಟೇ ಜಾಣ ಪಟ್ಟಿ ಇದ್ದರೂ ಉತ್ತರ ಸಿಗದ ಗಂಟೆಯೊಂದಿದೆ. 2024ರ ನವೆಂಬರ್ 3ರ ಬೆಳಗಿನ ಜಾವ ಎರಡು ಗಂಟೆಯಾಗುತ್ತಲೇ ನ್ಯೂಯಾರ್ಕಿನ ಗಡಿಯಾರ ಮತ್ತೆ ಒಂದಕ್ಕೆ ಹೋಯಿತು. ಹೀಗಾಗಿ ಆ ದಿನ 1:30 ಎರಡು ಸಲ ಬಂತು. ಮೊದಲ 1:30ಕ್ಕೆ ಭಾರತದಲ್ಲಿ ಬೆಳಗ್ಗೆ 11 ಗಂಟೆ, ಎರಡನೆಯದಕ್ಕೆ ಮಧ್ಯಾಹ್ನ 12. ದಾಖಲೆಯಲ್ಲಿ ಬರೀ 1:30 ಎಂದಿದ್ದರೆ ಅದು ಯಾವುದು? ಆ ಸಾಲೊಂದನ್ನೇ ನೋಡಿ ಹೇಳಲು ಯಾವ ಗಣಿತದಿಂದಲೂ ಆಗದು. ಅದೇ ವರ್ಷ ಮಾರ್ಚ್ 10ರಂದು ಇದರ ಉಲ್ಟಾ ನಡೆದಿತ್ತು: ಎರಡು ಗಂಟೆಯಿಂದ ಗಡಿಯಾರ ನೇರ ಮೂರಕ್ಕೆ ಹಾರಿತು, 2:30 ಎಂಬ ಸಮಯವೇ ಆ ದಿನ ಇರಲಿಲ್ಲ. ಅಂಥ ಸಮಯ ದಾಖಲೆಯಲ್ಲಿ ಕಂಡರೆ ಯಾರೋ ಕೈಯಿಂದ ಬರೆದಿದ್ದಾರೆ, ಇಲ್ಲವೇ ಆ ಯಂತ್ರದ ಗಡಿಯಾರ ನ್ಯೂಯಾರ್ಕಿನ ಸಮಯದಲ್ಲಿ ಇರಲೇ ಇಲ್ಲ ಎಂದರ್ಥ. ಎರಡನೆಯದಾಗಿದ್ದರೆ ಇಡೀ ಫೈಲನ್ನೇ ಅನುಮಾನದಿಂದ ನೋಡಬೇಕಾಗುತ್ತದೆ.

ಮೇಲಿನ ಕೋಡಿನಲ್ಲಿ ಎರಡು ಕಡೆ ಬಂದಿರುವ `NaT` ಇದಕ್ಕಾಗಿಯೇ. ಅನುಮಾನದ ಸಾಲಿಗೆ ಸಮಯ ಊಹಿಸುವ ಬದಲು ಖಾಲಿ ಬಿಡು ಎಂದು ಅದು ಹೇಳುತ್ತದೆ. ಖಾಲಿ ಉಳಿದವು ಸಾಮಾನ್ಯವಾಗಿ ಬೆರಳೆಣಿಕೆಯಷ್ಟಿರುತ್ತವೆ. ಟಿಕೆಟ್ಟಿನ ಕ್ರಮಸಂಖ್ಯೆ, ಹಿಂದುಮುಂದಿನ ಸಾಲುಗಳ ಸಮಯ ನೋಡಿ ಅವನ್ನು ಮನುಷ್ಯರೇ ತೀರ್ಮಾನಿಸಬಹುದು. ದೊಡ್ಡ ವರದಿಯಲ್ಲಿ ನಾಲ್ಕು ಖಾಲಿ ಮನೆ ಇರುವುದು, ನಾಲ್ಕು ಸುಳ್ಳು ಸಮಯ ಇರುವುದಕ್ಕಿಂತ ಮೇಲು.

ಟಿಕೆಟ್ಟಿನ ವರದಿ ತಪ್ಪಿದರೆ ಒಂದು ಮೀಟಿಂಗಿನಲ್ಲಿ ಮುಖ ಕೆಂಪಾಗಬಹುದು, ಅಷ್ಟೇ. ಇದೇ ಕೆಲಸದ ಮೇಲೆ ದೊಡ್ಡ ತನಿಖೆಯೊಂದು ನಿಂತ ಉದಾಹರಣೆಯೂ ಇದೆ. 2003ರ ಆಗಸ್ಟ್ 14ರ ಮಧ್ಯಾಹ್ನ ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು ಐದು ಕೋಟಿ ಜನರಿಗೆ ವಿದ್ಯುತ್ ಹೋಯಿತು. ಒಹಾಯೊ ರಾಜ್ಯದಲ್ಲಿ ಒಂದರ ಹಿಂದೊಂದು ತಂತಿಮಾರ್ಗಗಳು ಕಡಿತಗೊಂಡಿದ್ದವು: 3:05:41ಕ್ಕೆ ಒಂದು, 3:32:03ಕ್ಕೆ ಇನ್ನೊಂದು, 3:41:35ಕ್ಕೆ ಮತ್ತೊಂದು, ಕೊನೆಗೆ 4:05:57ಕ್ಕೆ ಸ್ಯಾಮಿಸ್–ಸ್ಟಾರ್ ಮಾರ್ಗ. ಅಲ್ಲಿಂದ ಮುಂದೆ ಕೆಲವೇ ನಿಮಿಷಗಳಲ್ಲಿ ಕತ್ತಲು ಹರಡಿತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ತನಿಖೆಯ ಬೆನ್ನೆಲುಬು, ಏಕೆಂದರೆ ಮೊದಲಿನದು ಕಾರಣ, ಆಮೇಲಿನದು ಪರಿಣಾಮ.

ಎರಡು ದೇಶಗಳ ಜಂಟಿ ತನಿಖಾ ತಂಡದ ಮುಂದೆ ಹತ್ತಾರು ಕಂಪನಿಗಳ ದಾಖಲೆಗಳು ಬಂದು ಬಿದ್ದವು. ಒಹಾಯೊದ ಏಕ್ರಾನ್‌ನಲ್ಲಿದ್ದ ವಿದ್ಯುತ್ ಕಂಪನಿಯ ಗಡಿಯಾರ ಬೇಸಿಗೆ ಸಮಯದಲ್ಲಿತ್ತು. ಆ ಪ್ರದೇಶದ ಜಾಲದ ಮೇಲೆ ಕಣ್ಣಿಡಬೇಕಿದ್ದ ಸಂಸ್ಥೆ ಇದ್ದದ್ದು ಇಂಡಿಯಾನಾ ರಾಜ್ಯದ ಕಾರ್ಮೆಲ್‌ನಲ್ಲಿ. ಇಂಡಿಯಾನಾದ ಹೆಚ್ಚಿನ ಭಾಗ 2006ರವರೆಗೆ ಬೇಸಿಗೆ ಸಮಯವನ್ನು ಪಾಲಿಸುತ್ತಲೇ ಇರಲಿಲ್ಲ. ಎರಡೂ ಊರುಗಳು ಪೂರ್ವ ವಲಯದಲ್ಲೇ ಇದ್ದರೂ ಆಗಸ್ಟಿನಲ್ಲಿ ಏಕ್ರಾನ್‌ನ 3:32 ಕಾರ್ಮೆಲ್‌ನಲ್ಲಿ 2:32. ಗೋಡೆ ಗಡಿಯಾರ ನೋಡಿ ಬರೆದ ಎರಡು ಊರಿನ ಟಿಪ್ಪಣಿಗಳನ್ನು ಹಾಗೇ ಒಂದು ಕಾಲಂನಲ್ಲಿ ಸೇರಿಸಿದರೆ ಎರಡನೆಯ ಮಾರ್ಗ ಮೊದಲನೆಯದಕ್ಕಿಂತ ಮುಂಚೆ ಬಿದ್ದಂತೆ ಕಾಣುತ್ತದೆ. ತಂಡದ ಅಂತಿಮ ವರದಿ ಪೂರ್ವ ವಲಯದ ಬೇಸಿಗೆ ಸಮಯವನ್ನು ಆರಿಸಿಕೊಂಡಿತು. (ಸ್ಯಾಮಿಸ್–ಸ್ಟಾರ್ ಬಿದ್ದ ಆ ಕ್ಷಣ ಭಾರತದಲ್ಲಿ ಆಗಸ್ಟ್ 15, ನಡುರಾತ್ರಿ ಕಳೆದು 1:35.)

ವಲಯ ಸರಿಪಡಿಸಿದ ಮೇಲೂ ತನಿಖೆಗೆ ತೊಡಕು ಉಳಿದಿತ್ತು. ಕೆಲವು ಯಂತ್ರಗಳ ಗಡಿಯಾರಗಳೇ ಪ್ರಮಾಣ ಸಮಯಕ್ಕೆ ಹೊಂದಿಕೊಂಡಿರಲಿಲ್ಲ. ಘಟನೆಗಳ ನಿಖರ ಸಮಯ ಖಚಿತಪಡಿಸಿಕೊಳ್ಳುವುದು ದೊಡ್ಡ, ಕಷ್ಟದ ಕೆಲಸವಾಯಿತೆಂದು ವರದಿಯೇ ಒಪ್ಪಿಕೊಂಡಿದೆ. ಸಮಯ ಹೊಂದಿಸಿದ ದಾಖಲೆ ಯಂತ್ರಗಳನ್ನು ಕಡ್ಡಾಯ ಮಾಡಿ ಎಂದು ಶಿಫಾರಸನ್ನೂ ಮಾಡಿದೆ. ವಲಯ ಪರಿವರ್ತನೆಯ ಮಿತಿ ಇದು. ಗಂಟೆಗಳ ವ್ಯತ್ಯಾಸವನ್ನು ಅದು ತೊಡೆಯಬಲ್ಲದು, ನಾಲ್ಕು ನಿಮಿಷ ಹಿಂದೆ ಓಡುವ ಗಡಿಯಾರವನ್ನು ಸರಿಮಾಡಲಾರದು.

ಪರಿವರ್ತಿಸಿದ ಕಾಲಂ ಸರಿಯಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಪ್ರತಿ ಟಿಕೆಟ್ಟಿಗೂ ದೂರಿನಿಂದ ಪರಿಹಾರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕಳೆದು ನೋಡಿದರೆ ಸಾಕು. ಎಲ್ಲಾದರೂ ಋಣಸಂಖ್ಯೆ ಬಂದರೆ ಆ ಕಚೇರಿಯ ವಲಯ ತಪ್ಪಿದೆ. ಒಂದು ಕಚೇರಿಯ ಸಾಲುಗಳೆಲ್ಲ ಉಳಿದವಕ್ಕಿಂತ ಸರಿಯಾಗಿ ಒಂದು ಗಂಟೆ ಸರಿದಿದ್ದರೆ ಬೇಸಿಗೆ ಸಮಯದ ತಪ್ಪು. ಐದೂವರೆ ಗಂಟೆ ಸರಿದಿದ್ದರೆ ಯಾರೋ ಭಾರತದ ಸಮಯವನ್ನು ಯುಟಿಸಿ ಎಂದೋ, ಯುಟಿಸಿಯನ್ನು ಭಾರತದ್ದೆಂದೋ ಓದಿದ್ದಾರೆ. ಇನ್ನೊಂದು ಉಪಾಯ, ಮೂರೂ ಕಚೇರಿಯವರು ಸೇರಿದ್ದ ಒಂದು ಫೋನ್ ಕರೆಯನ್ನು ಹುಡುಕುವುದು. ಮೂರು ಫೈಲಿನಲ್ಲೂ ಅದು ಒಂದೇ ನಿಮಿಷಕ್ಕೆ ಬಂದು ಕೂರಬೇಕು.

ಯಾವ ವಲಯ ಆರಿಸಿಕೊಳ್ಳಬೇಕು ಎಂಬುದು ಮೇಲುನೋಟಕ್ಕೆ ರುಚಿಯ ವಿಷಯ, ಆದರೆ ಹಾಗಲ್ಲ. ಒಂದು ಘಟನೆಯಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಎಂಬ ಲೆಕ್ಕ ಯಾವ ವಲಯದಲ್ಲೂ ಒಂದೇ. ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು ಎಂಬ ಲೆಕ್ಕ ಮಾತ್ರ ಬದಲಾಗುತ್ತದೆ. ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಎರಡೂವರೆಯ ನಂತರ ಬಂದ ದೂರುಗಳೆಲ್ಲ ಭಾರತದ ಸಮಯದಲ್ಲಿ ನವೆಂಬರ್ ಲೆಕ್ಕಕ್ಕೆ ಬೀಳುತ್ತವೆ. ನ್ಯೂಯಾರ್ಕಿನ ಮ್ಯಾನೇಜರ್ ತನ್ನ ಎಣಿಕೆಯೊಂದಿಗೆ ಹೋಲಿಸಿ ಜಗಳಕ್ಕೆ ಬಂದರೆ ಆಶ್ಚರ್ಯವಿಲ್ಲ; ಇಬ್ಬರ ಲೆಕ್ಕವೂ ಸರಿಯೇ. ವರದಿಯ ತಲೆಬರಹದಲ್ಲೇ ‘ಎಲ್ಲ ಸಮಯ ಭಾರತದ್ದು’ ಎಂದು ಬರೆದರೆ ಅರ್ಧ ಜಗಳ ತಪ್ಪುತ್ತದೆ. ಸಂಗ್ರಹಕ್ಕೆ ಯುಟಿಸಿ, ಓದುವವರಿಗೆ ಅವರ ಊರಿನ ಸಮಯ ಎಂಬುದು ಈ ಕಸುಬಿನವರ ಸಾಮಾನ್ಯ ರೂಢಿ, ಒಳ್ಳೆಯ ರೂಢಿಯೇ.

ಆ ರೂಢಿ ಸರಿಹೋಗುವುದು ನಡೆದುಹೋದ ಸಂಗತಿಗಳಿಗೆ. ಮುಂದಿನ ತಿಂಗಳ ಮೀಟಿಂಗಿನ ಸಮಯವನ್ನು ಯುಟಿಸಿಗೆ ತಿರುಗಿಸಿ ಅಷ್ಟನ್ನೇ ಇಟ್ಟುಕೊಂಡರೆ ಪೇಚಿಗೆ ಸಿಕ್ಕಬಹುದು, ಏಕೆಂದರೆ ಗಡಿಯಾರದ ನಿಯಮ ಸರಕಾರಗಳ ಕೈಯಲ್ಲಿದೆ. 2023ರ ಮಾರ್ಚಿನಲ್ಲಿ ಲೆಬನಾನ್ ಸರಕಾರ ರಂಜಾನ್ ತಿಂಗಳ ಕಾರಣಕ್ಕೆ ಬೇಸಿಗೆ ಸಮಯವನ್ನು ಮುಂದೂಡುವುದಾಗಿ ಇನ್ನೇನು ಕೆಲವೇ ದಿನ ಇದೆ ಎನ್ನುವಾಗ ಘೋಷಿಸಿತು. ಅಲ್ಲಿನ ಮಾರೊನೈಟ್ ಚರ್ಚ್ ಒಪ್ಪದೆ ಎಂದಿನ ದಿನವೇ ಗಡಿಯಾರ ಮುಂದಿಟ್ಟಿತು. ಒಂದೇ ದೇಶದಲ್ಲಿ ಕೆಲವು ದಿನ ಎರಡು ಸಮಯ ನಡೆದು, ಕೊನೆಗೆ ಸರಕಾರ ಹಿಂದೆ ಸರಿಯಿತು. ಆ ದಿನಗಳ ಬೇರೂತಿನ ದಾಖಲೆಯಲ್ಲಿ `Asia/Beirut` ಎಂದು ಬರೆದಿದ್ದರೂ, ಬರೆದವನ ಗಡಿಯಾರ ಯಾವ ಪಕ್ಷದ್ದು ಎಂದು ಕೇಳಿಯೇ ತಿಳಿಯಬೇಕು.

ಹಲವು ಊರುಗಳಿಂದ ಫೈಲು ತರಿಸಿಕೊಳ್ಳುವವರು ಮುಂದಿನ ಸಲ ಒಂದು ಕಾಲಂ ಹೆಚ್ಚಿಗೆ ಕೇಳಿ: ವಲಯದ ಪೂರ್ತಿ ಹೆಸರು, ಪ್ರತಿ ಸಾಲಿನಲ್ಲೂ. ಒಂದಾಗಿಸಿದ ಹೊಸ ಕಾಲಂ ಸಿದ್ಧವಾದ ಮೇಲೆಯೂ ಊರಿನ ಸಮಯ ಇದ್ದ ಹಳೆಯ ಕಾಲಂ ಮತ್ತು ಈ ವಲಯದ ಕಾಲಂ ಎರಡನ್ನೂ ಅಳಿಸಬೇಡಿ. ಅವೆರಡು ಇದ್ದರೆ ತಪ್ಪು ಯಾವಾಗ ಸಿಕ್ಕರೂ ಮತ್ತೆ ಪರಿವರ್ತಿಸಿಕೊಳ್ಳಬಹುದು.